ಗೇಟ್‌ವೇ ಲೆಡ್ಜರ್‌ನಲ್ಲಿ 14,62,300 ಬಾಕಿ, ಗೇಟ್‌ವೇ ಒಪ್ಪೋದು 6,18,400 ಮಾತ್ರ. ಉಳಿದದ್ದನ್ನ ಎಲ್ಲಿ ಹುಡುಕಲಿ?

ಚೈತ್ರಾ_ಆರ್ಟಿಕಲ್

ಎಲ್ಲರಿಗೂ ನಮಸ್ಕಾರ. ಆರ್ಟಿಕಲ್‌ಶಿಪ್ ಎರಡನೇ ವರ್ಷ, ಬೆಂಗಳೂರು. ಸೀರೆ ಮಾರುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ 2024-25ರ ಆಡಿಟ್ ನಡೀತಿದೆ. ಅವರದ್ದೇ ವೆಬ್‌ಸೈಟ್, ಬೇರೆ ಯಾರ ಪ್ಲಾಟ್‌ಫಾರ್ಮ್‌ನಲ್ಲೂ ಮಾರಲ್ಲ. ಮುಂಗಡ ಹಣ ಒಂದೇ ಪೇಮೆಂಟ್ ಗೇಟ್‌ವೇ ಮೂಲಕ ಬರುತ್ತೆ, ಸಿಒಡಿ ಹಣ ಕೊರಿಯರ್‌ನವರು ಕೊಡ್ತಾರೆ. ವೆಬ್‌ಸೈಟ್ ಶುರುವಾಗಿದ್ದೇ 2024ರ ಏಪ್ರಿಲ್‌ನಲ್ಲಿ, ಹಾಗಾಗಿ ಆರಂಭಿಕ ಶಿಲ್ಕು ಅಂತ ಏನೂ ಇಲ್ಲ.

ಅವರ ಅಕೌಂಟೆಂಟ್ ವೆಬ್‌ಸೈಟ್‌ನಿಂದ ಪ್ರತಿದಿನದ ಆರ್ಡರ್ ರಿಪೋರ್ಟ್ ತೆಗೆದು ಪೂರ್ತಿ ಮೊತ್ತಕ್ಕೆ ಮಾರಾಟ ಬರೀತಾರೆ, ಗೇಟ್‌ವೇ ಖಾತೆಗೆ ಡೆಬಿಟ್ ಮಾಡ್ತಾರೆ. ಬ್ಯಾಂಕಿಗೆ ಹಣ ಬಂದಾಗ ಬಂದಷ್ಟಕ್ಕೆ ಕ್ರೆಡಿಟ್. ಮಾರ್ಚ್ 31ಕ್ಕೆ ಆ ಲೆಡ್ಜರ್‌ನಲ್ಲಿ 14,62,300 ರೂಪಾಯಿ ಬರಬೇಕು ಅಂತಿದೆ. ಗೇಟ್‌ವೇ ರಿಪೋರ್ಟ್ ಪ್ರಕಾರ ಆ ದಿನ ಇನ್ನೂ ಕೊಡಬೇಕಾಗಿದ್ದು 6,18,400. ಅಕೌಂಟೆಂಟ್‌ರನ್ನ ಕೇಳಿದ್ರೆ "ಯುಗಾದಿ ಸೇಲ್ ಇತ್ತಲ್ಲ ಮೇಡಂ, ಏಪ್ರಿಲ್‌ನಲ್ಲಿ ಬಂದುಬಿಟ್ಟಿದೆ" ಅಂತಾರೆ. 8,43,900 ರೂಪಾಯಿಗೆ ಇದು ಉತ್ತರ ಅಂತ ನನಗೆ ಅನ್ನಿಸ್ತಿಲ್ಲ. ಎಲ್ಲಿಂದ ಶುರುಮಾಡಲಿ?

ರಫೀಕ್_ಹುಬ್ಬಳ್ಳಿ

ತಂಗಿ, ಇದಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ. ನಾನು ಮೂರು ಆನ್‌ಲೈನ್ ಅಂಗಡಿ ಲೆಕ್ಕ ಬರೀತೀನ್ರಿ. ಬ್ಯಾಂಕಿಗೆ ಎಷ್ಟ್ ಬರ್ತೈತೋ ಅಷ್ಟೇ ಮಾರಾಟ ಅಂತ ಬರದ್ರ ಈ ತಕರಾರೇ ಇಲ್ಲ. ಗೇಟ್‌ವೇದವ್ರು ತಮ್ಮ ಕಮಿಷನ್ ಹಿಡ್ಕೊಂಡೇ ಕೊಡ್ತಾರ. ಮಾರಾಟ ಅಷ್ಟು ಕಡಿಮಿ ಬರೀರಿ ಇಲ್ಲಾ ಪೂರ್ತಿ ಬರದು ಖರ್ಚು ಹಾಕ್ರಿ, ಲಾಭ ಒಂದೇ ಬರ್ತೈತಿ. ನಿಮ್ಮ ಕೇಸ್‌ನ್ಯಾಗ ಆ ಕಮಿಷನ್ ಬರದಿಲ್ಲ ಅನಸ್ತೈತಿ, ಅದನ್ನ ನೋಡ್ರಿ ಮೊದಲ.

ಶಿವಮೊಗ್ಗ_ಟ್ಯಾಕ್ಸ್

ಟಿಸಿಎಸ್ ನೋಡಿದ್ರಾ? ಇ-ಕಾಮರ್ಸ್‌ನವರು ಜಿಎಸ್‌ಟಿ ಟಿಸಿಎಸ್ ಹಿಡಿದೇ ಹಣ ಕೊಡೋದು. ಮೊದಲು 1% ಇತ್ತು, 2024ರ ಜುಲೈ 10ರಿಂದ 0.5% ಆಯ್ತು. ವರ್ಷದ ಮಧ್ಯೆ ದರ ಬದಲಾಗಿರೋದರಿಂದ ವ್ಯತ್ಯಾಸ ಬಂದಿರುತ್ತೆ. ಆದಾಯ ತೆರಿಗೆಯ 194-ಒ ಕೂಡ ಅಕ್ಟೋಬರ್ 1ರಿಂದ 1%ನಿಂದ 0.1%ಗೆ ಇಳಿದಿದೆ.

ಮೂರ್ತಿ_ಸಿಎ

ಶಿವಮೊಗ್ಗದವರು ಹೇಳಿದ ದರಗಳು ಸರಿ, ಆದರೆ ಚೈತ್ರಾ ಅವರ ಕೇಸಿಗೆ ಅವು ಹೊಂದೋದಿಲ್ಲ. ಬೇರೆಯವರ ಸರಕು ತನ್ನ ಪ್ಲಾಟ್‌ಫಾರ್ಮ್‌ನಲ್ಲಿ ಮಾರಿಸಿ, ಹಣ ತಾನು ವಸೂಲಿ ಮಾಡಿ ಕೊಡುವವನು ಟಿಸಿಎಸ್ ಹಿಡಿಯಬೇಕು. ಇಲ್ಲಿ ಕಂಪನಿ ತನ್ನ ಸರಕನ್ನು ತನ್ನ ವೆಬ್‌ಸೈಟ್‌ನಲ್ಲೇ ಮಾರುತ್ತಿದೆ. ಗೇಟ್‌ವೇ ಬರೀ ಹಣ ದಾಟಿಸುವವನು.

ರಫೀಕ್ ಅವರ ಮಾತು ಕಮಿಷನ್‌ಗೆ ಮಾತ್ರ ಒಪ್ಪುತ್ತೆ. ಆಗಲೂ ಮಾರಾಟ ಕಡಿಮೆ ತೋರಿಸಿದಂತಾಗುತ್ತೆ, ಕಮಿಷನ್ ಮೇಲಿನ 18% ಜಿಎಸ್‌ಟಿಗೆ ಸಿಗಬೇಕಾದ ಇನ್‌ಪುಟ್ ಕ್ರೆಡಿಟ್ ಕೈತಪ್ಪುತ್ತೆ. ಆದರೆ ಗೇಟ್‌ವೇ ಹಿಡಿದುಕೊಳ್ಳೋದು ಕಮಿಷನ್ ಒಂದೇ ಅಲ್ಲ. ಗ್ರಾಹಕರಿಗೆ ಕೊಟ್ಟ ರೀಫಂಡನ್ನೂ ಆ ದಿನದ ಸೆಟಲ್‌ಮೆಂಟ್‌ನಲ್ಲೇ ಕಳೆದು ಉಳಿದದ್ದನ್ನು ಕಳಿಸುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ರೀಫಂಡ್ ಅನ್ನೋ ಸಾಲೇ ಕಾಣೋದಿಲ್ಲ. ಅಕೌಂಟೆಂಟ್ ಬ್ಯಾಂಕ್ ಮಾತ್ರ ನೋಡಿ ಬರೆದರೆ ಆ ರಿಟರ್ನ್ ಪುಸ್ತಕಕ್ಕೆ ಬರುವುದೇ ಇಲ್ಲ.

ಚೈತ್ರಾ, ಸೆಟಲ್‌ಮೆಂಟ್ ಫೈಲನ್ನ ಸಾಲು ಸಾಲಾಗಿ ತೆಗೆಯಿರಿ. ಒಂದು ಮಾತು ನೆನಪಿರಲಿ, ಕ್ಲೈಂಟ್ ಇಮೇಲ್‌ನಲ್ಲಿ ಕಳಿಸಿದ ಎಕ್ಸೆಲ್ ತಗೋಬೇಡಿ. ಅವರ ಪಕ್ಕ ಕೂತು, ಅವರು ಲಾಗಿನ್ ಆಗಿ ನಿಮ್ಮ ಕಣ್ಣೆದುರೇ ಡೌನ್‌ಲೋಡ್ ಮಾಡಿದ ಫೈಲ್ ಆಗಬೇಕು. ಎಕ್ಸೆಲ್‌ನಲ್ಲಿ ಒಂದು ಸಾಲು ಅಳಿಸೋಕೆ ಎರಡು ಸೆಕೆಂಡ್ ಸಾಕು.

ಕಿರಣ್_ಪೇಮೆಂಟ್ಸ್

ನಾನು ಪೇಮೆಂಟ್ ಕಡೆ ಸಾಫ್ಟ್‌ವೇರ್ ಬರೆಯೋನು, ಆಡಿಟ್ ಗೊತ್ತಿಲ್ಲ, ಫೈಲ್ ಗೊತ್ತು. ಪ್ರತಿ ಸೆಟಲ್‌ಮೆಂಟ್‌ಗೆ ಒಂದು ಯುಟಿಆರ್ ನಂಬರ್ ಇರುತ್ತೆ, ಅದೇ ನಂಬರ್ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲೂ ಬರುತ್ತೆ. ಮೊದಲು ಫೈಲಿನ ಸಾಲುಗಳನ್ನ ಯುಟಿಆರ್ ಪ್ರಕಾರ ಕೂಡಿಸಿ ಬ್ಯಾಂಕಿಗೆ ತಾಳೆ ನೋಡಿ:

```
=SUMIFS(credit,settlement_utr,A2)-SUMIFS(debit,settlement_utr,A2)
```

A2ನಲ್ಲಿ ಬ್ಯಾಂಕಿನ ಯುಟಿಆರ್. credit, debit, settlement_utr ಅನ್ನೋದು ಫೈಲಿನ ಕಾಲಂಗಳು, ಮೊದಲು ಅವಕ್ಕೆ ಅದೇ ಹೆಸರಿನ ರೇಂಜ್ ಮಾಡಿಕೊಳ್ಳಿ. ಫೈಲ್ ಪೂರ್ತಿ ಇದ್ದರೆ ವರ್ಷದ ಪ್ರತಿ ಸೆಟಲ್‌ಮೆಂಟೂ ಪೈಸೆಗೆ ಪೈಸೆ ಹೊಂದಬೇಕು. ಒಂದು ಹೊಂದದಿದ್ದರೂ ಯಾರೋ ಸಾಲು ತೆಗೆದಿದ್ದಾರೆ ಅಥವಾ ದಿನಾಂಕದ ಫಿಲ್ಟರ್ ತಪ್ಪು ಹಾಕಿದ್ದಾರೆ ಅಂತ ಅರ್ಥ.

ಎರಡು ಕಡೆ ಜನ ಎಡವುತ್ತಾರೆ. ಕೆಲವು ಗೇಟ್‌ವೇ ಫೈಲ್‌ಗಳಲ್ಲಿ `fee` ಕಾಲಂ ಒಳಗೇ ಜಿಎಸ್‌ಟಿ ಸೇರಿರುತ್ತೆ, `tax` ಕಾಲಂ ಅದರ ಒಂದು ಭಾಗ ಅಷ್ಟೇ. ಎರಡನ್ನೂ ಕೂಡಿಸಿದರೆ ತೆರಿಗೆ ಎರಡು ಸಲ ಲೆಕ್ಕಕ್ಕೆ ಬರುತ್ತೆ. ಇನ್ನೊಂದು, ಸಾಮಾನ್ಯವಾಗಿ ರೀಫಂಡ್ ಮಾಡಿದರೂ ಮೊದಲ ಪೇಮೆಂಟ್‌ನ ಕಮಿಷನ್ ವಾಪಸ್ ಬರೋದಿಲ್ಲ. ಹಾಗಾಗಿ ಕಮಿಷನ್ ಲೆಕ್ಕ ಹಾಕುವಾಗ ರೀಫಂಡ್ ಕಳೆದ ಮೊತ್ತದ ಮೇಲೆ ಹಾಕಬೇಡಿ.

ಚೈತ್ರಾ_ಆರ್ಟಿಕಲ್

ಮೂರ್ತಿ ಸರ್, ಕಿರಣ್, ತುಂಬಾ ಧನ್ಯವಾದ. ನಾಲ್ಕು ದಿನ ಇದರಲ್ಲೇ ಇದ್ದೆ. ಫೈಲ್ ನನ್ನೆದುರೇ ಡೌನ್‌ಲೋಡ್ ಆಯ್ತು, ಎಲ್ಲ ಯುಟಿಆರ್‌ಗಳೂ ಬ್ಯಾಂಕಿಗೆ ಹೊಂದಿದವು. ಸಿಕ್ಕಿದ್ದು ಇಷ್ಟು.

ಮಾರ್ಚ್ 31ಕ್ಕೆ ನಿಜವಾಗಿ ಬರಬೇಕಿದ್ದದ್ದು 6,18,400. ಇದು ದೊಡ್ಡದಾಗಿರೋಕೆ ಕಾರಣ ಸಿಕ್ತು. 30 ಭಾನುವಾರ ಯುಗಾದಿ, 31 ರಂಜಾನ್, ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕದ ರಜೆ. ಗೇಟ್‌ವೇ ಎರಡು ಕೆಲಸದ ದಿನ ಬಿಟ್ಟು ಹಣ ಕೊಡೋದರಿಂದ 28ರಿಂದ ಮುಂದಿನ ಆರ್ಡರ್‌ಗಳ ಹಣವೆಲ್ಲ ಏಪ್ರಿಲ್ 2 ಮತ್ತು ಆಮೇಲೆ ಬಂದಿದೆ. ಅಷ್ಟರ ಮಟ್ಟಿಗೆ ಅಕೌಂಟೆಂಟ್ ಹೇಳಿದ್ದು ನಿಜ.

ಕಮಿಷನ್ ವರ್ಷವಿಡೀ ಬರೆದೇ ಇಲ್ಲ. ಒಟ್ಟು 1.60 ಕೋಟಿ ಮೇಲೆ ಒಪ್ಪಂದದ 2% ಅಂದರೆ 3,20,000, ಅದರ ಮೇಲೆ ಜಿಎಸ್‌ಟಿ 57,600. ಸೇರಿ 3,77,600.

ರೀಫಂಡ್ ಒಂದೂ ಬರೆದಿಲ್ಲ. 212 ರೀಫಂಡ್, 3,94,200 ರೂಪಾಯಿ.

ಚಾರ್ಜ್‌ಬ್ಯಾಕ್ 21,600. ಗ್ರಾಹಕರು ಬ್ಯಾಂಕಿನಲ್ಲಿ ದೂರು ಕೊಟ್ಟು ವಾಪಸ್ ಪಡೆದದ್ದು.

ಇವೆಲ್ಲ ಸೇರಿಸಿದರೂ 50,500 ಉಳಿಯುತ್ತೆ. ಆ ಆರ್ಡರ್‌ಗಳು ವೆಬ್‌ಸೈಟ್‌ನಲ್ಲಿ ಹಣ ಬಂದಿದೆ ಅಂತ ತೋರಿಸ್ತವೆ, ಗೇಟ್‌ವೇ ಫೈಲ್‌ನಲ್ಲಿ ಅವುಗಳ ಸುಳಿವೇ ಇಲ್ಲ.

ಮೂರ್ತಿ_ಸಿಎ

ಒಳ್ಳೆ ಕೆಲಸ. 57,600ಕ್ಕೆ ಹೊರಗಿನ ಸಾಕ್ಷಿ ಒಂದಿದೆ. ಗೇಟ್‌ವೇ ಪ್ರತಿ ತಿಂಗಳು ಕಂಪನಿ ಹೆಸರಿಗೆ ಇನ್‌ವಾಯ್ಸ್ ಹಾಕುತ್ತೆ, ಅದು ಕಂಪನಿಯ ಜಿಎಸ್‌ಟಿಆರ್-2ಬಿನಲ್ಲಿ ಬಂದಿರಬೇಕು. ಪೋರ್ಟಲ್‌ನಿಂದ 12 ತಿಂಗಳದ್ದೂ ತೆಗೆದು ಕೂಡಿಸಿ. ಎರಡೂ ಹೊಂದಿದರೆ ಸೆಟಲ್‌ಮೆಂಟ್ ಫೈಲ್ ಮೇಲಿನ ನಂಬಿಕೆ ಗಟ್ಟಿಯಾಗುತ್ತೆ. ಈ ಕ್ರೆಡಿಟ್ ಪಡೆಯೋಕೂ, ಆ ರಿಟರ್ನ್‌ಗಳಿಗೆ ಕ್ರೆಡಿಟ್ ನೋಟ್ ಹಾಕಿ ಕಟ್ಟಿದ ತೆರಿಗೆ ಕಡಿಮೆ ಮಾಡಿಕೊಳ್ಳೋಕೂ 2025ರ ನವೆಂಬರ್ 30 ಗಡುವು. ಎಲ್ಲ ಸೀರೆ 5% ಆಗಿದ್ದರೆ 3,94,200ರ ಒಳಗಿನ ತೆರಿಗೆ ಸುಮಾರು 18,770. ಕ್ಲೈಂಟ್‌ಗೆ ಈಗಲೇ ತಿಳಿಸಿ.

ಇನ್ನೊಂದು ಪ್ರಶ್ನೆ. ಮಾರ್ಚ್ 31ರ ದಾಸ್ತಾನು ಎಣಿಕೆ ಏನಾಯ್ತು? ಪುಸ್ತಕಕ್ಕಿಂತ ಸೀರೆ ಹೆಚ್ಚು ಬಂದಿತ್ತಾ?

ಚೈತ್ರಾ_ಆರ್ಟಿಕಲ್

ಸರ್, ನಿಮಗೆ ಹೇಗೆ ಗೊತ್ತಾಯ್ತು! ಸುಮಾರು 190 ಸೀರೆ ಹೆಚ್ಚು ಬಂದಿತ್ತು. ಗೋಡೌನ್‌ನವರು ಎಣಿಕೆ ತಪ್ಪಿರಬಹುದು ಅಂತ ಎರಡು ಸಲ ಎಣಿಸಿದ್ದರು. ಕೊನೆಗೆ ಎಣಿಕೆ ಪ್ರಕಾರವೇ ದಾಸ್ತಾನಿನ ಬೆಲೆ ಹಾಕಿದ್ದಾರೆ.

ಮೂರ್ತಿ_ಸಿಎ

ಅದೇ. ರಫೀಕ್ ಅವರೇ, "ಲಾಭ ಒಂದೇ" ಅಂದಿರಲ್ಲ, ಅದು ತಪ್ಪೋದು ಇಲ್ಲೇ. ವಾಪಸ್ ಬಂದ ಸೀರೆ ಗೋಡೌನ್‌ನಲ್ಲಿದೆ, ಎಣಿಕೆಯಲ್ಲಿ ಸೇರಿದೆ, ಬೆಲೆ ಕಟ್ಟಲಾಗಿದೆ. ಅದೇ ಸೀರೆ ಮಾರಾಟದಲ್ಲೂ ಕೂತಿದೆ. ಹೀಗೆ ಒಂದೇ ಸೀರೆ ದಾಸ್ತಾನೂ ಆಯ್ತು, ಮಾರಾಟವೂ ಆಯ್ತು. ತೆರಿಗೆ ಕಳೆದು ಉಳಿದ ಮೂರೂ ಮುಕ್ಕಾಲು ಲಕ್ಷ ಪೂರ್ತಿ ಸುಳ್ಳು ಲಾಭ.

ರಫೀಕ್_ಹುಬ್ಬಳ್ಳಿ

ಖರೇ ಐತ್ರಿ ಸರ್. ನಾನು ಬ್ಯಾಂಕಿಗೆ ಬಂದ ನೆಟ್ ಮೊತ್ತಾನ ಬರಿಯೋದಕ್ಕ ರೀಫಂಡ್ ತಾನಾಗಿ ಮಾರಾಟದಾಗ ಕಡಿಮಿ ಆಗ್ತಿತ್ತು, ಅದಕ್ಕ ನನಗ ಈ ಪೆಟ್ಟು ಬಿದ್ದಿಲ್ಲ. ಆದ್ರ ಜಿಎಸ್‌ಟಿ ರಿಟರ್ನ್‌ನ್ಯಾಗ ಇನ್‌ವಾಯ್ಸ್ ಪೂರ್ತಿ ಮೊತ್ತಕ್ಕ ಹೋಗೇತಿ, ಪುಸ್ತಕದಾಗ ನೆಟ್ ಐತಿ. ಅದನ್ನ ಈಗ ಕೂಡಿಸಿ ನೋಡ್ಬೇಕಾತು.

ಮಂಗಳಾ_ಇಳಕಲ್

ನಾನು ಇಳಕಲ್ ಸೀರೆ ಮಾರೋಳ್ರಿ, ಲೆಕ್ಕಪತ್ರ ಗೊತ್ತಿಲ್ಲ. ವಾಪಸ್ ಬಂದ ಸೀರೆ ಅಂದ್ರಿ ಅಂತ ನಂದೊಂದು ಹೇಳ್ತೀನಿ. ಹೋದ ದೀಪಾವಳಿಗೆ 3,200ರ ರೇಷ್ಮಿ ಸೀರೆ ಕಳಿಸಿದ್ದೆ. ವಾಪಸ್ ಬಂದ ಪಾರ್ಸಲ್ ಬಿಚ್ಚಿದ್ರ ಒಳಗ ಹಳೇ ಪಾಲಿಸ್ಟರ್ ಸೀರಿ! ರೀಫಂಡ್ ಅದಾಗಲೇ ಹೋಗಿತ್ತು, ಕೊರಿಯರ್‌ನವ ಪಿಕಪ್ ಮಾಡಿದ ತಕ್ಷಣ ನನ್ನ ವೆಬ್‌ಸೈಟ್ ತಾನಾಗೇ ಹಣ ಕಳಿಸೋ ಹಂಗ ಇಟ್ಟಿದ್ದೆ. ಈಗ ಪಾರ್ಸಲ್ ಬಿಚ್ಚೋವಾಗ ವಿಡಿಯೋ ಮಾಡ್ತೀವಿ, ಸೆರಗು ನೋಡಿದ ಮ್ಯಾಲೇ ರೀಫಂಡ್. ಆ 190 ಸೀರಿ ಯಾರರೆ ಬಿಚ್ಚಿ ನೋಡ್ಯಾರೇನ್ರಿ, ಇಲ್ಲಾ ಡಬ್ಬಿ ಅಷ್ಟೇ ಎಣಿಸ್ಯಾರೋ?

ಮೂರ್ತಿ_ಸಿಎ

ಮಂಗಳಾ ಅವರೇ, ನನಗೆ ಹೊಳೆಯದ ಪ್ರಶ್ನೆ ಕೇಳಿದಿರಿ. ಚೈತ್ರಾ, ವಾಪಸ್ ಬಂದ ಸೀರೆಗಳನ್ನ ಬಿಚ್ಚಿಸಿ ನೋಡಿ. ಕಲೆ, ಹರಿದದ್ದು, ಬದಲಾದದ್ದು ಇದ್ದರೆ ಕೊಂಡ ಬೆಲೆಗೆ ಇಡೋಕಾಗಲ್ಲ, ಮಾರಿದರೆ ಬರುವಷ್ಟಕ್ಕೇ ಇಳಿಸಬೇಕು.

ಹಾಗೇ ಆ 212 ರೀಫಂಡನ್ನೂ ಒಂದೊಂದಾಗಿ ಗೋಡೌನ್‌ನ ಒಳಬಂದ ರಿಜಿಸ್ಟರ್‌ಗೆ ಹೊಂದಿಸಿ. ಆರಿಸಿ ಮಾದರಿ ತೆಗೆಯೋ ಅಗತ್ಯ ಇಲ್ಲ, ಇಷ್ಟನ್ನು ಪೂರ್ತಿ ನೋಡಬಹುದು.

ಚೈತ್ರಾ_ಆರ್ಟಿಕಲ್

ನೋಡಿದೆ ಸರ್. 118ಕ್ಕೆ ರಿಜಿಸ್ಟರ್‌ನಲ್ಲಿ ನಮೂದಿದೆ. 52 ಕಳಿಸುವ ಮೊದಲೇ ರದ್ದಾದ ಆರ್ಡರ್, ಸೀರೆ ಗೋಡೌನ್ ಬಿಟ್ಟೇ ಇಲ್ಲ. 33 ಗ್ರಾಹಕರು ಸಿಗದೆ ಕೊರಿಯರ್‌ನವರೇ ವಾಪಸ್ ತಂದದ್ದು. 9 ರೀಫಂಡ್‌ಗೆ ಸೀರೆ ಬಂದ ದಾಖಲೆ ಇಲ್ಲ. ಬಿಚ್ಚಿ ನೋಡಿದ್ದರಲ್ಲಿ 14 ಸೀರೆ ಮಾರೋಕಾಗದ ಸ್ಥಿತಿ.

ರೀಫಂಡ್ ಮೊತ್ತದಲ್ಲೂ ಒಂದು ಸಿಕ್ತು. ಒಂದು ಆರ್ಡರ್‌ನಲ್ಲಿ 1,500ರ ಮೂರು ಸೀರೆ, 4,500. ನಾಲ್ಕು ಸಾವಿರದ ಮೇಲೆ ಕೊಂಡರೆ 900 ಕಡಿತ ಅನ್ನೋ ಕೂಪನ್ ಹಾಕಿ ಗ್ರಾಹಕಿ ಕೊಟ್ಟದ್ದು 3,600. ಒಂದು ಸೀರೆ ವಾಪಸ್ ಕೊಟ್ಟರು. ಸಿಬ್ಬಂದಿ 1,500 ರೀಫಂಡ್ ಮಾಡಿದ್ದಾರೆ. ಇದು 1,200 ಆಗಬೇಕಲ್ವಾ?

ಶಿವಮೊಗ್ಗ_ಟ್ಯಾಕ್ಸ್

ಒಂದು ಸೀರೆ ವಾಪಸ್ ಬಂದ ಮೇಲೆ ಉಳಿದದ್ದು 3,000. ನಾಲ್ಕು ಸಾವಿರ ಮುಟ್ಟಲಿಲ್ಲ, ಕೂಪನ್ನೇ ಸಲ್ಲೋದಿಲ್ಲ. 3,600ರಲ್ಲಿ 3,000 ಇಟ್ಟುಕೊಂಡು 600 ಕೊಡಬೇಕಿತ್ತು.

ಮೂರ್ತಿ_ಸಿಎ

ವೆಬ್‌ಸೈಟ್‌ನ ಷರತ್ತಿನಲ್ಲಿ ಹಾಗಂತ ಬರೆದಿದ್ದರೆ 600. ಬರೆದಿಲ್ಲದಿದ್ದರೆ ಇನ್‌ವಾಯ್ಸ್‌ನಲ್ಲಿ ಕಡಿತವನ್ನ ಮೂರು ಸೀರೆಗೂ ಹಂಚಿರುವುದರಿಂದ ಒಂದರ ಬೆಲೆ 1,200, ಅಷ್ಟೇ ವಾಪಸ್. 1,500ಕ್ಕೆ ಆಧಾರ ಎರಡರಲ್ಲೂ ಇಲ್ಲ. ಕ್ರೆಡಿಟ್ ನೋಟ್ ಹಾಕುವಾಗ ಆ ಸೀರೆಗೆ ಇನ್‌ವಾಯ್ಸ್‌ನಲ್ಲಿ ಕಟ್ಟಿದ ಬೆಲೆಯನ್ನ ಮೀರೋಕಾಗಲ್ಲ, ಹೆಚ್ಚು ಕೊಟ್ಟ 300 ಕಂಪನಿಯ ಖರ್ಚು.

ಪಟ್ಟಿ ತೆಗೆಯೋದು ಸುಲಭ. ಪ್ರತಿ ರೀಫಂಡ್ ಪಕ್ಕ ಆ ಸೀರೆಗೆ ಕೂಪನ್ ಕಳೆದು ಬಂದ ಬೆಲೆ ಇಡಿ, ರೀಫಂಡ್ ಜಾಸ್ತಿ ಇರುವ ಸಾಲುಗಳನ್ನ ಮಾತ್ರ ಉಳಿಸಿ. ಕೂಪನ್ ಇರುವ ಆರ್ಡರ್‌ಗಳಲ್ಲೇ ಎಲ್ಲವೂ ಬಂದರೆ ಸಿಬ್ಬಂದಿಗೆ ಪದ್ಧತಿ ಗೊತ್ತಿಲ್ಲ ಅಷ್ಟೇ. ಕೂಪನ್ ಇಲ್ಲದ ಆರ್ಡರ್‌ನಲ್ಲೂ ಜಾಸ್ತಿ ಹೋಗಿದ್ದರೆ ಪ್ರಶ್ನೆ ಬೇರೆ.

ಕಿರಣ್_ಪೇಮೆಂಟ್ಸ್

ಆ 9 ರೀಫಂಡ್ ಬಗ್ಗೆ ಒಂದು ಮಾತು. ಗೇಟ್‌ವೇ ಮೂಲಕ ರೀಫಂಡ್ ಮಾಡಿದರೆ ಹಣ ಬಂದ ಕಾರ್ಡಿಗೆ ಅಥವಾ ಯುಪಿಐ ಖಾತೆಗೇ ಹೋಗುತ್ತೆ. ಸಿಬ್ಬಂದಿ ತನ್ನ ಖಾತೆಗೆ ತಿರುಗಿಸೋಕೆ ಬರಲ್ಲ, ತಾನೇ ಗ್ರಾಹಕನಾಗಿದ್ದರೆ ಮಾತ್ರ ಸಾಧ್ಯ. ಆದರೆ ಸಿಒಡಿಯಲ್ಲಿ ಗ್ರಾಹಕ ನಗದು ಕೊಟ್ಟಿರುತ್ತಾನೆ, ವಾಪಸ್ ಕಳಿಸೋಕೆ ಹಳೇ ದಾರಿ ಇಲ್ಲ. ಯಾವುದೋ ಯುಪಿಐ ಐಡಿ ಕೇಳಿ ಕಳಿಸುತ್ತಾರೆ. ನಾನಾಗಿದ್ದರೆ ಅಲ್ಲಿ ನೋಡ್ತೀನಿ.

ಚೈತ್ರಾ_ಆರ್ಟಿಕಲ್

ಕಿರಣ್ ಹೇಳಿದ ಮೇಲೆ ಸಿಒಡಿ ರೀಫಂಡ್‌ಗಳ ಬ್ಯಾಂಕ್ ಪಟ್ಟಿ ತೆಗೆದು ಯುಪಿಐ ಐಡಿ ಪ್ರಕಾರ ಜೋಡಿಸಿದೆ. ಬೇರೆ ಬೇರೆ ಆರು ಗ್ರಾಹಕರ ಆರ್ಡರ್, ಬೇರೆ ಬೇರೆ ಊರು, ರೀಫಂಡ್ ಹೋಗಿದ್ದು ಮಾತ್ರ ಒಂದೇ ಐಡಿಗೆ. ಒಟ್ಟು 11,340 ರೂಪಾಯಿ. ನಾಳೆ ಕಸ್ಟಮರ್ ಕೇರ್‌ನವರನ್ನ ಕೇಳಲಾ?

ಮೂರ್ತಿ_ಸಿಎ

ಬೇಡ. ಮೊದಲು ನಿಮ್ಮ ಪಾರ್ಟ್ನರ್‌ಗೆ ಹೇಳಿ, ಲಿಖಿತವಾಗಿ. ವಂಚನೆ ಅಂತ ಶಂಕೆ ಬಂದಾಗ ಯಾರ ಬಳಿ ಹೋಗಬೇಕು ಅಂತ ತೀರ್ಮಾನಿಸುವುದು ಅವರು. ಎಸ್ಎ 240 ಪ್ರಕಾರ ಶಂಕೆ ಇರುವವರಿಗಿಂತ ಮೇಲಿನ ಹಂತದ ಆಡಳಿತಕ್ಕೆ ತಿಳಿಸಬೇಕು. ನೀವು ನೇರ ಹೋಗಿ ಕೇಳಿದರೆ ತಪ್ಪು ಮಾಡಿದವನಿಗೆ ಕಾಗದ ಸರಿಪಡಿಸೋಕೆ ಸಮಯ ಸಿಗುತ್ತೆ, ತಪ್ಪು ಮಾಡದವನಿಗೆ ಸುಮ್ಮನೆ ಕಳಂಕ ಬರುತ್ತೆ. ಮೊತ್ತ ಚಿಕ್ಕದು ಅಂತ ಬಿಡಬೇಡಿ.

ಇನ್ನು ಯುಗಾದಿ ಆರ್ಡರ್‌ಗಳು. 6,18,400ರಲ್ಲಿ ಮಾರ್ಚ್ 31ರೊಳಗೆ ಗ್ರಾಹಕರ ಕೈ ಸೇರಿದ್ದು ಎಷ್ಟು?

ಚೈತ್ರಾ_ಆರ್ಟಿಕಲ್

ಕೊರಿಯರ್ ಟ್ರ್ಯಾಕಿಂಗ್ ಪ್ರಕಾರ 2,08,000 ಮಾತ್ರ. 4,10,400ರ ಸೀರೆ ಏಪ್ರಿಲ್‌ನಲ್ಲಿ ತಲುಪಿವೆ. ಎಲ್ಲಕ್ಕೂ ಇನ್‌ವಾಯ್ಸ್ ಮಾರ್ಚ್‌ನಲ್ಲೇ ಆಗಿದೆ.

ಶಿವಮೊಗ್ಗ_ಟ್ಯಾಕ್ಸ್

ಗೋಡೌನ್ ಬಿಟ್ಟ ದಿನ ಇನ್‌ವಾಯ್ಸ್, ಅದೇ ದಿನ ಮಾರಾಟ. ಜಿಎಸ್‌ಟಿಯಲ್ಲೂ ಮಾರ್ಚ್‌ನದ್ದೇ ತೋರಿಸಿದ್ದಾರೆ. ಕೊರಿಯರ್‌ಗೆ ಕೊಟ್ಟ ಮೇಲೆ ಮುಗೀತು.

ಮೂರ್ತಿ_ಸಿಎ

ಜಿಎಸ್‌ಟಿಗೆ ಮಾರ್ಚ್ ಸರಿ. ಪುಸ್ತಕಕ್ಕೆ ಎಎಸ್ 9 ಕೇಳೋದು ಸರಕಿನ ಜೋಖಿಮು ಯಾವಾಗ ಗ್ರಾಹಕನಿಗೆ ದಾಟಿತು ಅಂತ. ದಾರಿಯಲ್ಲಿ ಪಾರ್ಸಲ್ ಕಳೆದರೆ ಯಾರು ಹೊರಬೇಕು ಅಂತ ವೆಬ್‌ಸೈಟ್ ಷರತ್ತಿನಲ್ಲಿ ಓದಿ. ಕಂಪನಿಯೇ ಹೊರುತ್ತೆ ಅಂತಿದ್ದರೆ 4,10,400 ಮಾರಾಟ ಅಲ್ಲ. ಗ್ರಾಹಕರಿಂದ ಮುಂಗಡ ಬಂದದ್ದು, ಸೀರೆ ದಾರಿಯಲ್ಲಿರುವ ದಾಸ್ತಾನು. ಗೇಟ್‌ವೇ ಬಾಕಿ 6,18,400 ಸರಿಯೇ ಇರುತ್ತೆ, ಅದರ ಎದುರಿನ ಮಾರಾಟ ಬದಲಾಗುತ್ತೆ. ಅದಕ್ಕೇ ಗೇಟ್‌ವೇ ಲೆಕ್ಕ ತಾಳೆಯಾದ ಕೂಡಲೇ ಮಾರಾಟವೂ ತಾಳೆಯಾಯ್ತು ಅಂತ ಬರೀಬಾರದು.

ತಲುಪಿದ 2,08,000ಕ್ಕೂ ಏಪ್ರಿಲ್‌ನಲ್ಲಿ ಬಂದ ರಿಟರ್ನ್ ಎಷ್ಟು ನೋಡಿ. ವಾಪಸಾತಿ ಅವಧಿ ಮುಗಿದುಹೋಗಿರುವುದರಿಂದ ಅಂದಾಜು ಬೇಡ, ನಿಜವಾದ ಅಂಕಿಯೇ ಸಿಗುತ್ತೆ.

ಶಿವಮೊಗ್ಗ_ಟ್ಯಾಕ್ಸ್

ಸರ್, ನಾನು ನೋಡಿರುವ ಚಿಕ್ಕ ಕಂಪನಿಗಳೆಲ್ಲ ಡಿಸ್ಪ್ಯಾಚ್ ಮೇಲೇ ಮಾರಾಟ ಬರೀತವೆ, ಆಡಿಟರ್‌ಗಳೂ ಒಪ್ಪಿದ್ದಾರೆ. ಪ್ರತಿ ವರ್ಷ ಒಂದೇ ಪದ್ಧತಿ ಇದ್ದರೆ ಸಾಕಲ್ವಾ?

ಮೂರ್ತಿ_ಸಿಎ

ಈ ಕಂಪನಿಯ ವೆಬ್‌ಸೈಟ್ ಮಾರಾಟಕ್ಕೆ ಇದು ಮೊದಲ ವರ್ಷ, ಹಿಂದಿನ ವರ್ಷದ್ದು ಈ ವರ್ಷ ಸೇರಿ ಸಮ ಆಗೋದಿಲ್ಲ. ಒಟ್ಟು ಮಾರಾಟದ ಎದುರು ಅದು ದೊಡ್ಡ ಮೊತ್ತವೋ ಅಲ್ಲವೋ ಅಂತ ಅವರ ಪಾರ್ಟ್ನರ್ ನಿರ್ಧರಿಸಲಿ. ನಾನಾದರೆ ಬಿಡೋದಿಲ್ಲ.

ಚೈತ್ರಾ_ಆರ್ಟಿಕಲ್

ಪಾರ್ಟ್ನರ್ ಸರ್‌ಗೆ ಎಲ್ಲ ಬರೆದುಕೊಟ್ಟೆ. ಯುಪಿಐ ಐಡಿ ವಿಷಯ ಅವರೇ ನಿರ್ದೇಶಕರ ಜೊತೆ ಮಾತಾಡ್ತಾರೆ. ಷರತ್ತಿನ ಪುಟದಲ್ಲಿ "ಸರಕು ತಲುಪುವವರೆಗೆ ಜವಾಬ್ದಾರಿ ನಮ್ಮದು" ಅಂತಿದೆ, ಅದರ ಸ್ಕ್ರೀನ್‌ಶಾಟ್ ಫೈಲಿಗೆ ಹಾಕಿದ್ದೇನೆ.

50,500ರಲ್ಲಿ 38,000ಕ್ಕೆ ಕಾರಣ ಸಿಕ್ಕಿತು. ಸೀರೆ ಬದಲಿಸಿ ಕೊಡುವಾಗ ಹೊಸ ಆರ್ಡರ್ ಹಾಕಿ, ಹಣ ಬಂದಿದೆ ಅಂತ ಕೈಯಾರೆ ಗುರುತು ಮಾಡಿದ್ದಾರೆ. ಹಳೇ ಮಾರಾಟ ತೆಗೆದಿಲ್ಲ, ಹಾಗಾಗಿ ಎರಡು ಸಲ ಮಾರಾಟ. ಉಳಿದ 12,500, ಏಳು ಆರ್ಡರ್. ಬದಲಿ ಅಲ್ಲ, ರೀಫಂಡ್ ಇಲ್ಲ, ಸೀರೆ ಮಾತ್ರ ಹೋಗಿದೆ. ಏಳನ್ನೂ ಹಣ ಬಂದಿದೆ ಅಂತ ಗುರುತು ಮಾಡಿದ್ದು ಒಂದೇ ಲಾಗಿನ್, ಅದನ್ನ ಮೂರು ಜನ ಬಳಸ್ತಾರಂತೆ.

ಮಂಗಳಾ_ಇಳಕಲ್

ಆ ಏಳು ಪಾರ್ಸಲ್ ಯಾವ ವಿಳಾಸಕ್ಕ ಹೋಗ್ಯಾವ ಅಂತ ಕೊರಿಯರ್ ಬಿಲ್‌ನ್ಯಾಗ ಇರ್ತೈತಲ್ರಿ, ನೋಡಿದ್ರಿ?

ಚೈತ್ರಾ_ಆರ್ಟಿಕಲ್

ಇಲ್ಲ ಅಕ್ಕ, ನೋಡಿಲ್ಲ. ಸೋಮವಾರ ಕೊರಿಯರ್ ಬಿಲ್‌ಗಳನ್ನ ಕೇಳ್ತೀನಿ.